ಮೊದಲು ಸೀರೆ, ಆಮೇಲೆ ಶರ್ಟು: ಒಂದೇ ಇಸ್ತ್ರಿಪೆಟ್ಟಿಗೆಯಲ್ಲಿ ಎರಡನ್ನೂ ನಿಭಾಯಿಸುವ ಕ್ರಮ

ಬಟ್ಟೆಯ ಬಗ್ಗೆ ಬರೆಯುವ ನನಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡೇ. ಹತ್ತಿ ಶರ್ಟಿಗೆ ಎಷ್ಟು ಒತ್ತಿ ಇಸ್ತ್ರಿ ಹಾಕಿದರೂ ಅರ್ಧ ಗಂಟೆಯಲ್ಲಿ ಮುದುಡುವುದೇಕೆ ಎನ್ನುವುದು ಒಂದು. ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದಾಗಲೆಲ್ಲ ಮಡಿಕೆಯ ಗೆರೆ ಎದ್ದು ಕಾಣುತ್ತದೆ, ಅದು ಹೋಗುವುದು ಹೇಗೆ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಇರುವುದು ನೀರಿನಲ್ಲಿ. ಹತ್ತಿಗೆ ನೀರು ಸಾಲದೆ ಸುಕ್ಕು ಉಳಿಯುತ್ತದೆ, ರೇಷ್ಮೆಗೆ ನೀರು ಹೆಚ್ಚಾಗಿ ಕಲೆ ಬೀಳುತ್ತದೆ.

ಹತ್ತಿಯ ನಾರು ಒದ್ದೆಯಾದಾಗ ಅದರೊಳಗಿನ ಹಿಡಿತ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಬಿಸಿ ಮಾಡಿ, ಒತ್ತಿ, ಒಣಗಿಸಿದರೆ ನಾರು ಹೊಸ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಪೂರ್ತಿ ಒಣಗಿದ ಶರ್ಟಿನ ಮೇಲೆ ಎಷ್ಟು ಸಲ ಪೆಟ್ಟಿಗೆ ಆಡಿಸಿದರೂ ಈ ಸಡಿಲಿಕೆ ಆಗುವುದಿಲ್ಲ, ಬಟ್ಟೆ ಸುಮ್ಮನೆ ಬಿಸಿಯಾಗುತ್ತದೆ ಅಷ್ಟೆ. ರೇಷ್ಮೆ ಬೇರೆ ಜಾತಿ. ಅದು ಕೂದಲು, ಉಣ್ಣೆಯಂತೆ ಪ್ರೋಟೀನಿನಿಂದಾದ ನಾರು. ಬಿಸಿ ಹೆಚ್ಚಾದರೆ ಹಳದಿಗಟ್ಟಿ ಬಿರುಸಾಗುತ್ತದೆ. ಒಂದೇ ಜಾಗಕ್ಕೆ ನೀರಿನ ಹನಿ ಬಿದ್ದರೆ ಆ ಜಾಗದ ಹೊಳಪು ಬದಲಾಗಿ ಉಂಗುರದಂಥ ಕಲೆ ನಿಲ್ಲುತ್ತದೆ.

ಆದ್ದರಿಂದ ಎರಡೂ ಇರುವ ದಿನ ಕೆಲಸದ ಕ್ರಮ ಹೀಗಿರಲಿ: ಶರ್ಟಿಗೆ ನೀರು ಚಿಮುಕಿಸಿ ಸುತ್ತಿಡಿ, ಅದು ಹದವಾಗುವಷ್ಟರಲ್ಲಿ ಸೀರೆ ಮುಗಿಸಿ, ಆಮೇಲೆ ಶರ್ಟಿಗೆ ಬನ್ನಿ. ಇಸ್ತ್ರಿಪೆಟ್ಟಿಗೆ ಬಿಸಿಯಾಗುವುದು ಬೇಗ, ತಣಿಯುವುದು ನಿಧಾನ. ಶರ್ಟಿಗೆಂದು ಕಾಯಿಸಿದ ಪೆಟ್ಟಿಗೆಯ ಗುಂಡಿಯನ್ನು ಕೆಳಕ್ಕೆ ತಿರುಗಿಸಿ ಕೂಡಲೇ ಸೀರೆಯ ಮೇಲಿಟ್ಟರೆ, ಗುಂಡಿ ರೇಷ್ಮೆ ಎನ್ನುತ್ತಿದ್ದರೂ ತಳ ಇನ್ನೂ ಹತ್ತಿಯ ಬಿಸಿಯಲ್ಲೇ ಇರುತ್ತದೆ. ನನಗೆ ಗೊತ್ತಿರುವಂತೆ ಮನೆಯಲ್ಲಿ ಸುಟ್ಟ ರೇಷ್ಮೆಗಳಲ್ಲಿ ಹೆಚ್ಚಿನವು ಸುಟ್ಟದ್ದು ಹೀಗೇ.

ಬೇಕಾಗುವುದು

ಗುಂಡಿ ತಿರುಗಿಸಿ ಬಿಸಿ ಹೊಂದಿಸಬಲ್ಲ ಇಸ್ತ್ರಿಪೆಟ್ಟಿಗೆ, ಮಂಜಿನಂತೆ ನೀರು ಸಿಂಪಡಿಸುವ ಬಾಟಲಿ, ಸೀರೆಗೆ ಹಾಸಲು ದಪ್ಪ ಕಂಬಳಿ, ಅದರ ಮೇಲೊಂದು ಬಿಳಿ ಹತ್ತಿ ಚಾದರ. ಇವುಗಳ ಜೊತೆಗೆ ಒತ್ತುಬಟ್ಟೆ ಎರಡು. ಒತ್ತುಬಟ್ಟೆ ಎಂದರೆ ಪೆಟ್ಟಿಗೆಗೂ ಸೀರೆಗೂ ನಡುವೆ ಹರಡುವ ತೆಳು ಬಟ್ಟೆ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯ ತುಂಡಿಗಿಂತ ಒಳ್ಳೆಯದು ಸಿಗುವುದಿಲ್ಲ. ಬಣ್ಣದ ಬಟ್ಟೆ ಬೇಡ, ಬಿಸಿಗೆ ಬಣ್ಣ ಇಳಿಯುತ್ತದೆ.

ಗುಂಡಿಯ ಮೇಲಿನ ಚುಕ್ಕೆಗಳು ಬಿಸಿಯ ಅಳತೆ. ಬಟ್ಟೆಯ ಲೇಬಲ್ಲಿನಲ್ಲಿ ಒಂದು ಚುಕ್ಕೆ ಇದ್ದರೆ ಪೆಟ್ಟಿಗೆಯ ತಳ 110 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಎರಡು ಚುಕ್ಕೆಗೆ 150, ಮೂರಕ್ಕೆ 200. ಹತ್ತಿ ಮೂರು ಚುಕ್ಕೆಯನ್ನೂ ತಡೆಯುತ್ತದೆ. ರೇಷ್ಮೆಯನ್ನು ಒಂದು ಚುಕ್ಕೆಯಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ಎರಡರತ್ತ ಸ್ವಲ್ಪ ಸ್ವಲ್ಪವೇ ಏರಿಸಿ.

1. ಶರ್ಟಿಗೆ ನೀರು ಚಿಮುಕಿಸಿ ಸುತ್ತಿಡಿ

ಹಗ್ಗದಿಂದ ತೆಗೆಯುವಾಗಲೇ ಶರ್ಟಿನಲ್ಲಿ ಸ್ವಲ್ಪ ಹಸಿ ಉಳಿದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಪೂರ್ತಿ ಒಣಗಿದ್ದರೆ ಗುಂಡಿಗಳನ್ನೆಲ್ಲ ಬಿಚ್ಚಿ, ಹರಡಿ, ಸಮನಾಗಿ ನೀರು ಸಿಂಪಡಿಸಿ. ಕಾಲರ್, ಕಫ್ ಮತ್ತು ಗುಂಡಿ ಪಟ್ಟಿಯಲ್ಲಿ ಎರಡು ಮೂರು ಪದರ ಇರುವುದರಿಂದ ಅಲ್ಲಿಗೆ ಸ್ವಲ್ಪ ಹೆಚ್ಚು ಬೇಕು. ಆಮೇಲೆ ಚಾಪೆಯಂತೆ ಬಿಗಿಯಾಗಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಅರ್ಧ ಗಂಟೆ ಇಡಿ. ಸುತ್ತಿಡದೆ ಕೂಡಲೇ ಇಸ್ತ್ರಿ ಹಾಕಿದರೆ ಹನಿ ಬಿದ್ದಲ್ಲಿ ಒದ್ದೆ, ಪಕ್ಕದಲ್ಲಿ ಒಣ ಎಂದಾಗುತ್ತದೆ. ಸುತ್ತಿಟ್ಟಾಗ ತೇವ ಹಬ್ಬಿ ಎಲ್ಲ ಕಡೆ ಒಂದೇ ಹದವಾಗುತ್ತದೆ. ಕೈಗೆ ತಣ್ಣಗೆ ಅನಿಸಬೇಕು, ಹಿಂಡಿದರೆ ನೀರು ಬರಬಾರದು: ಹದ ಎಂದರೆ ಅದು. ರಾತ್ರಿಯಿಡೀ ಬಿಡಬೇಡಿ, ಮುಗ್ಗಲು ವಾಸನೆ ಹತ್ತುತ್ತದೆ.

ಗರಿಗರಿ ನಿಲುವು ಬೇಕೆನ್ನುವವರು ಗಂಜಿ ಹಾಕುವುದು ಇದಕ್ಕೂ ಮೊದಲು, ಒಗೆದು ಹಿಂಡಿದ ಶರ್ಟಿಗೆ. ಒಂದು ದೊಡ್ಡ ಚಮಚ ಮೆಕ್ಕೆಜೋಳದ ಪಿಷ್ಟವನ್ನು (ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವುದು) ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೀಟರ್ ನೀರಿಗೆ ಸೇರಿಸಿ, ಪಾರದರ್ಶಕವಾಗುವವರೆಗೆ ಕಾಯಿಸಿ. ಆರಿದ ಮೇಲೆ ಸೋಸಿ. ಸೋಸದೆ ಬಿಟ್ಟರೆ ಉಳಿದ ಗಂಟುಗಳೇ ಆಮೇಲೆ ಬಿಳಿ ಪೊರೆಯಾಗಿ ಪೆಟ್ಟಿಗೆಯ ತಳಕ್ಕೆ ಅಂಟಿ ಕಂದಾಗುತ್ತವೆ. ಶರ್ಟಿಡೀ ಅದ್ದುವ ಅಗತ್ಯವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಾಲರ್, ಕಫ್, ಗುಂಡಿ ಪಟ್ಟಿ ಗಟ್ಟಿಯಾಗಿ ನಿಂತರೆ ಇಡೀ ಶರ್ಟು ನೆಟ್ಟಗೆ ಕಾಣುತ್ತದೆ, ಬೆನ್ನಿಗೆ ಗಾಳಿಯೂ ಆಡುತ್ತದೆ.

2. ಸೀರೆ ನೋಡಿಕೊಳ್ಳಿ, ಆಮೇಲೆ ಪೆಟ್ಟಿಗೆ ಮುಟ್ಟಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜರಿ ಅಂಚಿನ ರೇಷ್ಮೆ ಸೀರೆ, ಸಮಾರಂಭಕ್ಕೆ ಒಮ್ಮೆ ಉಟ್ಟದ್ದು. ನೆರಿಗೆಯ ಜಾಗ ಮುದುಡಿದೆ, ಸೊಂಟದ ಬಳಿ ಬೆವರು ಹಿಡಿದಿದೆ, ನಡುವೆ ಹಳೆಯ ಮಡಿಕೆಯ ಉದ್ದ ಗೆರೆ ಇದೆ.

ಉಟ್ಟು ಬಂದ ಕೂಡಲೇ ಇಸ್ತ್ರಿ ಬೇಡ, ಶರ್ಟಿಗೆ ನೀರು ಚಿಮುಕಿಸುವ ಮೊದಲೇ ಸೀರೆ ಹರಡುವ ಈ ಕೆಲಸ ಮುಗಿದಿರಲಿ. ನೆರಳಿನಲ್ಲಿ, ಗಾಳಿ ಆಡುವಲ್ಲಿ, ಅಗಲವಾಗಿ ಹರಡಿ ಕೆಲವು ಗಂಟೆ ಬಿಡಿ. ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ಒಂದು ರಾತ್ರಿ ಹೀಗೆ ಬಿಟ್ಟರೆ ಸಣ್ಣ ಸುಕ್ಕುಗಳು ತಾವಾಗಿ ಸಡಿಲಗೊಂಡಿರುತ್ತವೆ, ಇಸ್ತ್ರಿಯ ಕೆಲಸ ಅರ್ಧಕ್ಕಿಳಿಯುತ್ತದೆ. ಹರಡಿದಾಗಲೇ ಕಲೆಗಳನ್ನು ಹುಡುಕಿ. ಬೆವರಿನ ಅಥವಾ ಎಣ್ಣೆಯ ಗುರುತು ಕಂಡರೆ ಅಲ್ಲಿಗೆ ಪೆಟ್ಟಿಗೆ ತಾಗಿಸಬೇಡಿ, ಬಿಸಿಗೆ ಕಲೆ ಕಚ್ಚಿಕೊಳ್ಳುತ್ತದೆ. ಮೊದಲು ಡ್ರೈಕ್ಲೀನಿಂಗ್, ನಂತರ ಇಸ್ತ್ರಿ.

ಇನ್ನು ಜರಿ. ಬೆಳ್ಳಿಯ ಅಥವಾ ತಾಮ್ರದ ಸಣ್ಣ ತಗಡುಪಟ್ಟಿಯನ್ನು ನೂಲಿನ ಸುತ್ತ ಸುತ್ತಿ ಮಾಡುವ ಜರಿ ಹದವಾದ ಬಿಸಿ ತಡೆಯುತ್ತದೆ. ಆದರೆ ಪ್ಲಾಸ್ಟಿಕ್ ಹಾಳೆಗೆ ಲೋಹದ ಲೇಪ ಕೊಟ್ಟು ಮಾಡಿದ ಜರಿಯೂ ಇದೆ. ಅದು ಬಿಸಿಗೆ ಕುಗ್ಗಿ, ಅಂಚು ಅಲೆ ಅಲೆಯಾಗಿ ಮುದುಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯದಿದ್ದರೆ ಸೊಂಟದೊಳಗೆ ಸಿಕ್ಕಿಸುವ ತುದಿಯ ಅಂಚಿನ ಮೇಲೆ ಒತ್ತುಬಟ್ಟೆ ಹಾಕಿ, ಒಂದು ಚುಕ್ಕೆಯ ಬಿಸಿಯಲ್ಲಿ ಎರಡು ಸೆಕೆಂಡು ಇಟ್ಟು ನೋಡಿ. ಕುಗ್ಗಿದರೆ, ಅಂಟಂಟಾದರೆ, ಅಂಚನ್ನು ಬಿಟ್ಟು ಒಡಲಿಗೆ ಮಾತ್ರ ಇಸ್ತ್ರಿ ಹಾಕಿ. ಆ ತುದಿ ಯಾರಿಗೂ ಕಾಣದು.

3. ಸೀರೆಗೆ ಇಸ್ತ್ರಿ

ಪೆಟ್ಟಿಗೆಯ ನೀರಿನ ತೊಟ್ಟಿ ಖಾಲಿ ಮಾಡಿ, ಹಬೆಯ ಗುಂಡಿ ಮುಚ್ಚಿ. ಇದನ್ನು ಹಲವರು ಮರೆಯುತ್ತಾರೆ. ಕಡಿಮೆ ಬಿಸಿಯಲ್ಲಿ ತೊಟ್ಟಿಯ ನೀರು ಪೂರ್ತಿ ಹಬೆಯಾಗದೆ ತಳದ ತೂತುಗಳಿಂದ ಹನಿಯಾಗಿ ಸುರಿಯುತ್ತದೆ. ರೇಷ್ಮೆಗೆ ಬೇಕಾದ ಬಿಸಿಯೇ ಕಡಿಮೆ ಬಿಸಿ, ಹಾಗಾಗಿ ಹಬೆ ಪೆಟ್ಟಿಗೆಯ ಹನಿ ಬಿದ್ದು ಕಲೆಯಾಗುವುದು ಸೀರೆಯ ಮೇಲೆಯೇ.

ಒಂದು ಚುಕ್ಕೆಗೆ ತಿರುಗಿಸಿ, ದೀಪ ಆರುವವರೆಗೆ ಕಾಯಿರಿ. ಮೊದಲು ಬಿಳಿ ಕರವಸ್ತ್ರದ ಮೇಲೆ ಆಡಿಸಿ ನೋಡಿ. ತಳದಲ್ಲಿ ತುಕ್ಕು, ಹಳೆಯ ಗಂಜಿ ಇದ್ದರೆ ಕೊಳೆಯಾಗುವುದು ಕರವಸ್ತ್ರ, ಸೀರೆಯಲ್ಲ.

ಸೀರೆಯನ್ನು ಒಳಮೈ ಹೊರಗೆ ಬರುವಂತೆ ಉದ್ದಕ್ಕೆ ಎರಡು ಮಡಿಸಿ, ಎರಡೂ ಅಂಚು ಒಂದರ ಮೇಲೊಂದು ಬರಲಿ. ಐದೂವರೆ ಮೀಟರ್ ಬಟ್ಟೆಗೆ ಇಸ್ತ್ರಿಯ ಮೇಜು ಸಾಲದು. ಮಂಚದ ಮೇಲೆ ಅಥವಾ ನೆಲದ ಮೇಲೆ ಕಂಬಳಿ ಹಾಸಿ, ಒಂದೊಂದು ಮೊಳವಾಗಿ ಸರಿಸುತ್ತಾ ಹೋಗುವುದು ಅನುಕೂಲ. ಪ್ರತಿ ಭಾಗಕ್ಕೂ ಅಂಗೈಯಿಂದ ಸವರಿ ನೇರ ಮಾಡಿ, ಒತ್ತುಬಟ್ಟೆ ಹರಡಿ, ಪೆಟ್ಟಿಗೆಯನ್ನು ನೂಲಿನ ದಿಕ್ಕಿನಲ್ಲಿ ಹಗುರವಾಗಿ ಆಡಿಸಿ. ಓರೆಯಾಗಿ ಎಳೆದರೆ ಬಟ್ಟೆ ವಾರೆಯಾಗುತ್ತದೆ. ಮಡಿಕೆ ಬಂದಿರುವ ನಡುಗೆರೆಯ ಮೇಲೆ ಮಾತ್ರ ಹೋಗಬೇಡಿ, ಎರಡು ಬೆರಳಿನಷ್ಟು ದೂರದಲ್ಲೇ ನಿಲ್ಲಿಸಿ. ಕೊನೆಯಲ್ಲಿ ಸೀರೆ ಬಿಚ್ಚಿ, ಬಿಟ್ಟ ಆ ಪಟ್ಟಿಯನ್ನು ಒಂಟಿ ಪದರದಲ್ಲಿ ಮುಗಿಸಿ.

ಜರಿ ಅಂಚು ಮತ್ತು ಸೆರಗಿನ ಮೇಲೆ ಪೆಟ್ಟಿಗೆಯನ್ನು ಆಡಿಸುವುದು ಬೇಡ. ಇಡಿ, ಎತ್ತಿ, ಮುಂದೆ ಇಡಿ. ಆಡಿಸಿದರೆ ತೇಲಿರುವ ಜರಿ ಎಳೆ ಪೆಟ್ಟಿಗೆಯ ಮೂತಿಗೆ ಸಿಕ್ಕಿ ಎದ್ದುಬರುತ್ತದೆ. ಕುಚ್ಚಿನ ಗಂಟುಗಳಿಗೆ ಇಸ್ತ್ರಿ ಬೇಕಿಲ್ಲ, ಕೈಯಿಂದ ಬಾಚಿದರೆ ಸಾಕು.

ಕೆಳಗಂಚಿಗೆ ಫಾಲ್ ಹೊಲಿದಿದ್ದರೆ ಅದನ್ನೊಮ್ಮೆ ನೋಡಿ. ಫಾಲ್ ಎಂದರೆ ಸೀರೆಯ ಕೆಳಗಂಚು ಸವೆಯದಂತೆ ಒಳಗಡೆ ಹೊಲಿಯುವ ಪಟ್ಟಿ. ಅದು ಸೀರೆಯದೇ ಬಟ್ಟೆಯಲ್ಲ, ಹಾಗಾಗಿ ಒಮ್ಮೆ ನೆನೆದರೆ ಸೀರೆಗಿಂತ ಬೇರೆ ಪ್ರಮಾಣದಲ್ಲಿ ಕುಗ್ಗಿ ಅಂಚನ್ನು ಸೊಟ್ಟಗೆ ಎಳೆಯುತ್ತದೆ. ಅಂಥ ಸುಕ್ಕು ಇಸ್ತ್ರಿಗೆ ಹೋಗುವುದೇ ಇಲ್ಲ. ಹೊಲಿಗೆ ಬಿಚ್ಚಿ, ಫಾಲನ್ನು ನೆನೆಸಿ ಒಣಗಿಸಿ, ಮತ್ತೆ ಹೊಲಿಸುವುದೊಂದೇ ದಾರಿ. ಬಿಸಿ ಏರಿಸಿ ಗುದ್ದಾಡಬೇಡಿ.

ನಮ್ಮ ಸೀರೆಯ ನಡುವಿನ ಹಳೆಯ ಗೆರೆ ಇಷ್ಟಕ್ಕೂ ಜಗ್ಗಲಿಲ್ಲ ಎನ್ನೋಣ. ಆಗ ಎರಡನೇ ಒತ್ತುಬಟ್ಟೆ ಬೇಕಾಗುತ್ತದೆ. ಅದನ್ನು ನೀರಿನಲ್ಲಿ ಅದ್ದಿ, ಬಲವಾಗಿ ಹಿಂಡಿ, ಒಣಗಿದ ಟವೆಲಿನೊಳಗೆ ಸುತ್ತಿ ಇನ್ನೊಮ್ಮೆ ಹಿಂಡಿ. ಗೆರೆಯ ಮೇಲೆ ಮೊದಲು ಒಣ ಒತ್ತುಬಟ್ಟೆ, ಅದರ ಮೇಲೆ ಈ ತೇವದ್ದು. ಮೂರು ನಾಲ್ಕು ಸೆಕೆಂಡು ಪೆಟ್ಟಿಗೆ ಇಟ್ಟು ಎತ್ತಿ. ಮೇಲಿನ ತೇವ ಹಬೆಯಾಗಿ ಒಣ ಬಟ್ಟೆಯ ಮೂಲಕ ಇಳಿಯುವುದರಿಂದ ಸೀರೆಗೆ ಹನಿ ತಾಗುವುದಿಲ್ಲ, ಎಲ್ಲೆಡೆ ಒಂದೇ ಸಮ ತೇವ ಸಿಗುತ್ತದೆ. ಕೂಡಲೇ ತೇವದ ಬಟ್ಟೆ ತೆಗೆದು, ಒಣ ಬಟ್ಟೆಯ ಮೇಲೆ ಇನ್ನೊಮ್ಮೆ ಒತ್ತಿ ಒಣಗಿಸಿ. ಕ್ರೇಪ್ ರೇಷ್ಮೆಗೆ ಮಾತ್ರ ಈ ಉಪಾಯ ಬೇಡ. ಅದರ ನೂಲಿಗೆ ತಿರುವು ಬಹಳ ಬಿಗಿ, ತೇವ ತಾಗಿದರೆ ನೂಲು ಒಳಕ್ಕೆ ಸೆಳೆದುಕೊಂಡು ಬಟ್ಟೆ ಕುಗ್ಗುತ್ತದೆ.

ಗೆರೆಯಲ್ಲಿ ನೂಲು ತುಂಡಾಗಿದ್ದರೆ ಯಾವ ಇಸ್ತ್ರಿಯೂ ಕೆಲಸ ಮಾಡದು. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆಯುದ್ದಕ್ಕೂ ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಂಡರೆ ಅದು ಸುಕ್ಕಲ್ಲ, ಸೀಳು ಶುರುವಾಗಿದೆ ಎಂದರ್ಥ.

4. ಈಗ ಶರ್ಟು

ಪೆಟ್ಟಿಗೆಯ ಗುಂಡಿ ಮೂರು ಚುಕ್ಕೆಗೆ ಹೋಗಲಿ. ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರಕೆ ಇದ್ದರೆ ಎರಡಕ್ಕೇ ನಿಲ್ಲಿಸಿ. ಗಾಢ ಬಣ್ಣದ ಶರ್ಟನ್ನು ಒಳಮೈ ಹೊರಗೆ ಮಾಡಿಕೊಳ್ಳಿ, ಇಲ್ಲವಾದರೆ ಹೊಲಿಗೆಯ ಉಬ್ಬುಗಳು ಚಪ್ಪಟೆಯಾಗಿ ಹೊಳೆಯತೊಡಗುತ್ತವೆ.

ಚಿಕ್ಕ ಭಾಗ ಮೊದಲು, ದೊಡ್ಡದು ಕೊನೆಗೆ. ಬೆನ್ನು ಮೊದಲು ಮುಗಿಸಿ ಆಮೇಲೆ ಕಾಲರ್ ಹಿಡಿದರೆ, ಮುಗಿಸಿದ ಬೆನ್ನು ಮೇಜಿನಿಂದ ಜೋತು ಮತ್ತೆ ಮುದುಡುತ್ತದೆ.

ಕಾಲರಿನ ಒಳಬದಿಯಿಂದ ಶುರು ಮಾಡಿ, ತುದಿಯಿಂದ ನಡುವಿಗೆ ಪೆಟ್ಟಿಗೆ ಸರಿಸಿ. ನಡುವಿನಿಂದ ತುದಿಗೆ ತಳ್ಳಿದರೆ ಹೆಚ್ಚುವರಿ ಬಟ್ಟೆಯೆಲ್ಲ ತುದಿಯಲ್ಲಿ ಗುಡ್ಡೆಯಾಗಿ, ಎಲ್ಲರಿಗೂ ಕಾಣುವಲ್ಲೇ ಸುಕ್ಕು ಕೂರುತ್ತದೆ. ಆಮೇಲೆ ಮಗುಚಿ ಹೊರಬದಿ. ಕೆಲವು ಕಾಲರುಗಳಲ್ಲಿ ಗುಳ್ಳೆ ಎದ್ದಂತೆ ಕಾಣುವುದುಂಟು. ಅದು ನಿಮ್ಮ ಇಸ್ತ್ರಿಯ ತಪ್ಪಲ್ಲ, ಒಳಗೆ ಅಂಟಿಸಿದ ಗಟ್ಟಿ ಬಟ್ಟೆ ಒಗೆತಕ್ಕೆ ಕುಗ್ಗಿದೆ ಅಥವಾ ಅಂಟು ಬಿಟ್ಟಿದೆ.

ಕಫ್‌ಗಳಿಗೂ ಒಳಬದಿ ಮೊದಲು. ಗುಂಡಿಯ ಮೇಲೆ ಪೆಟ್ಟಿಗೆ ಹತ್ತಿಸದೆ ಸುತ್ತ ಹೋಗಿ. ನಂತರ ಹೆಗಲ ಪಟ್ಟಿಯನ್ನು ಮೇಜಿನ ಚೂಪು ತುದಿಗೆ ತೊಡಿಸಿ ಒತ್ತಿ. ತೋಳನ್ನು ಕೆಳಗಿನ ಹೊಲಿಗೆ ಹಿಡಿದು ನೇರವಾಗಿ ಹರಡಿ, ಎರಡೂ ಪದರ ಅಂಗೈಯಿಂದ ಸವರಿ, ಆಮೇಲೆ ಪೆಟ್ಟಿಗೆ. ಇಲ್ಲಿ ಅವಸರ ಮಾಡಿದರೆ ಕೆಳಗಿನ ಪದರದಲ್ಲಿ ಹೊಸ ಸುಕ್ಕು ಅಚ್ಚಾಗಿ ಕೂರುತ್ತದೆ, ತಿರುಗಿಸಿದಾಗಲೇ ಗೊತ್ತಾಗುವುದು. ಉಳಿದದ್ದು ಬೆನ್ನು ಮತ್ತು ಎರಡು ಮುಂಭಾಗ. ಕಾಜಾ ಇರುವ ಮುಂಭಾಗ ಎದುರಿಗೆ ಕಾಣುವುದರಿಂದ ಅದು ಕೊನೆಗೆ.

ಪ್ರತಿ ಭಾಗವನ್ನೂ ಒಣಗುವವರೆಗೆ ಒತ್ತಿ. ಹಸಿ ಇರುವಾಗಲೇ ಬಿಟ್ಟರೆ ಆ ಹಸಿಯೇ ಮುಂದಿನ ಸುಕ್ಕಿಗೆ ದಾರಿ. ಗಂಜಿ ಹಾಕಿದ ಜಾಗದಲ್ಲಿ ಪೆಟ್ಟಿಗೆ ಅಂಟುತ್ತಿದ್ದರೆ ಬಟ್ಟೆ ತೀರಾ ಒದ್ದೆಯಿದೆ ಎಂದು ತಿಳಿಯಿರಿ, ತುಸು ಆರಲು ಬಿಡಿ. ಅಷ್ಟಾಗಿಯೂ ಬಿಳಿ ಶರ್ಟಿನಲ್ಲಿ ತೆಳು ಹಳದಿ ಗುರುತು ಬಿದ್ದರೆ ಒಗೆದಾಗ ಹೋಗುವ ಸಾಧ್ಯತೆ ಇದೆ. ಕಂದಾದರೆ ನಾರೇ ಸುಟ್ಟಿದೆ, ಅದು ಹೋಗದು.

5. ತಣಿಯಲು ಬಿಡಿ

ಅರ್ಧ ಗಂಟೆಯಲ್ಲಿ ಮುದುಡುವ ಶರ್ಟಿನ ಪ್ರಶ್ನೆಗೆ ಉತ್ತರದ ಇನ್ನೊಂದು ಭಾಗ ಇಲ್ಲಿದೆ. ಪೆಟ್ಟಿಗೆಯಿಂದ ಎತ್ತಿದ ಬಟ್ಟೆಯಲ್ಲಿ ಬಿಸಿಯೂ ಸ್ವಲ್ಪ ತೇವವೂ ಉಳಿದಿರುತ್ತವೆ, ಅಂದರೆ ಅದು ಇನ್ನೂ ಯಾವ ಆಕಾರಕ್ಕೂ ಬಗ್ಗುವ ಸ್ಥಿತಿಯಲ್ಲೇ ಇದೆ. ಆಗಲೇ ತೊಟ್ಟು ಕೂತರೆ ಕುರ್ಚಿಯ ಗುರುತು, ಆಗಲೇ ಮಡಿಸಿದರೆ ಮಡಿಕೆಯ ಗುರುತು ಗಟ್ಟಿಯಾಗುತ್ತದೆ. ಶರ್ಟನ್ನು ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ, ಮೇಲಿನ ಗುಂಡಿ ಹಾಕಿ ಹದಿನೈದು ನಿಮಿಷ ಬಿಡಿ. ಸೀರೆಯನ್ನೂ ಹಾಗೆಯೇ ಮಂಚದ ಮೇಲೆ ಹರಡಿ ತಣಿಸಿ. ಮುಟ್ಟಿದರೆ ಬೆಚ್ಚಗಿಲ್ಲ ಅನಿಸಿದ ಮೇಲೆ ಮಡಿಸಿ.

6. ಸ್ಟೀಮರ್ ಎಲ್ಲಿ ಸರಿ, ಎಲ್ಲಿ ಬೇಡ

ತೂಗುಹಾಕಿದ ಬಟ್ಟೆಗೆ ಹಬೆ ಬಿಡುವ ಸ್ಟೀಮರಿನಲ್ಲಿ ತೇವ ಮತ್ತು ಬಿಸಿ ಇದೆ, ಒತ್ತಡ ಇಲ್ಲ. ಸುಕ್ಕು ಸಡಿಲವಾಗುತ್ತದೆ, ಚೂಪು ಗೆರೆ ಮೂಡುವುದಿಲ್ಲ. ಗಂಜಿ ಶರ್ಟಿಗಂತೂ ಅದು ಶತ್ರು, ಗಂಜಿ ಮೆತ್ತಗಾಗಿ ಶರ್ಟು ಜೋಲುತ್ತದೆ. ಗಂಜಿಯಿಲ್ಲದ ಶರ್ಟನ್ನು ಪ್ರಯಾಣದಲ್ಲಿ ಚೀಲದಿಂದ ತೆಗೆದಾಗ ಕೆಳತುದಿ ಹಿಡಿದು ಸ್ವಲ್ಪ ಎಳೆದು ಹಬೆ ಕೊಟ್ಟರೆ ಕೆಲಸ ನಡೆಯುತ್ತದೆ.

ಜರಿ ಕಡಿಮೆಯಿರುವ ನಯವಾದ ರೇಷ್ಮೆಗೆ ಬಳಸಬಹುದು, ಒಳಮೈಯಿಂದ, ಒಂದು ಗೇಣು ದೂರದಿಂದ. ಶುರುವಿನಲ್ಲಿ ಸ್ಟೀಮರ್ ನೀರು ಉಗುಳುತ್ತದೆ, ಆ ಮೊದಲ ಹಬೆಯನ್ನು ಹಳೆಯ ಟವೆಲಿನ ಮೇಲೆ ಬಿಟ್ಟು ಆಮೇಲೆ ಸೀರೆಯತ್ತ ತಿರುಗಿಸಿ. ಹಬೆಯನ್ನು ಒಂದೇ ಕಡೆ ನಿಲ್ಲಿಸಬೇಡಿ. ಕ್ರೇಪ್‌ಗೂ ದಟ್ಟ ಜರಿಯ ಸೀರೆಗೂ ಸ್ಟೀಮರ್ ಬೇಡ.

7. ಮಡಿಸುವುದು, ಇಡುವುದು

ಶರ್ಟಿನದು ಸುಲಭ. ಮೇಲಿನ, ನಡುವಿನ, ಕೊನೆಯ ಗುಂಡಿ ಹಾಕಿ ಬೋರಲು ಮಲಗಿಸಿ. ಎರಡೂ ಪಕ್ಕಗಳನ್ನು ಹೆಗಲಿನ ನಡುವಿಂದ ಬೆನ್ನಿನ ಮೇಲೆ ಮಡಿಸಿ, ತೋಳುಗಳನ್ನು ನೇರ ಕೆಳಕ್ಕೆ ಇಳಿಸಿ, ಕೆಳಗಿನಿಂದ ಮೂರು ಪಾಲು ಮಾಡಿ ಮೇಲಕ್ಕೆ ತನ್ನಿ. ಎದೆಯ ನಡುವೆ ಅಡ್ಡಗೆರೆ ಬೀಳುವುದಿಲ್ಲ. ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಮಡಿಸಿಡಬೇಡಿ. ಬೆಳ್ಳಿಮೀನು ಹುಳಕ್ಕೆ ಗಂಜಿ ಇಷ್ಟದ ಆಹಾರ, ಜೊತೆಗೆ ಗಟ್ಟಿಯಾದ ನಾರು ಮಡಿಕೆಯಲ್ಲಿ ಬೇಗ ಒಡೆಯುತ್ತದೆ. ಬಹಳ ದಿನ ತೊಡದ ಶರ್ಟಾದರೆ ಗಂಜಿ ತೊಳೆದು ಇಡಿ.

ಸೀರೆಯ ಗೆರೆಗೆ ಕಾರಣ ಮಡಿಕೆಯಲ್ಲ, ಒಂದೇ ಜಾಗದ ಮಡಿಕೆ. ಈ ಸಲ ಅಗಲವನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಿಸಿದ್ದರೆ ಮುಂದಿನ ಸಲ ಮೂರು ಪಾಲು ಮಾಡಿ. ಉದ್ದದಲ್ಲೂ ಹಾಗೆಯೇ, ತುದಿಯಿಂದ ಒಂದು ಗೇಣು ಬಿಟ್ಟು ಶುರು ಮಾಡಿದರೆ ಎಲ್ಲ ಗೆರೆಗಳೂ ಜಾಗ ಬದಲಿಸುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ಹರಡಿ, ಹೀಗೆ ಮಡಿಕೆ ಬದಲಿಸಿ. ಜರಿ ಸೆರಗು ಒಳಗೆ ಬರಲಿ, ಜರಿಗೆ ಜರಿ ಉಜ್ಜದಂತೆ ನಡುವೆ ಮೆತ್ತನೆಯ ಹತ್ತಿ ಬಟ್ಟೆ ಇರಲಿ. ಅದೇ ಬಟ್ಟೆಯನ್ನು ಸುರುಳಿ ಮಾಡಿ ಮಡಿಕೆಯ ಒಳಬಾಗಿಗೆ ಇಟ್ಟರೆ ಮಡಿಕೆ ಚೂಪಾಗದೆ ಗುಂಡಗೆ ನಿಲ್ಲುತ್ತದೆ. ಭಾರದ ಜರಿ ಸೀರೆಯನ್ನು ಹ್ಯಾಂಗರಿನಲ್ಲಿ ತಿಂಗಳುಗಟ್ಟಲೆ ತೂಗುಹಾಕಬೇಡಿ, ಅದರ ಭಾರವೇ ಮಡಿಕೆಯ ನೂಲನ್ನು ಎಳೆಯುತ್ತದೆ. ರಾಶಿ ಮಾಡುವಾಗಲೂ ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ.

ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಸೀರೆ ಇಡುವವರು ಬಹಳ. ಒಳಗೆ ಸಿಕ್ಕಿದ ತೇವ ಹೊರಬರಲಾರದೆ ಜರಿ ಕಪ್ಪಾಗುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹಾಕುವುದಾದರೆ ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ಬೀರುವಿನ ಮೂಲೆಗೆ ಇಡಿ, ಸೀರೆಗೆ ನೇರವಾಗಿ ತಾಗಬಾರದು. ಸುಗಂಧದ್ರವ್ಯವನ್ನೂ ಸೀರೆ ಉಡುವ ಮೊದಲೇ ಮೈಗೆ ಹಾಕಿಕೊಂಡು ಆರಲು ಬಿಡಿ. ಉಟ್ಟ ಮೇಲೆ ಸಿಂಪಡಿಸಿದರೆ ಜರಿ ಮಸುಕಾಗುತ್ತದೆ.